ಕನ್ನಡಿ ಮಡಚಿಕೊಂಡಿತು, ಮಂಜುದೀಪ ನಿಂತುಹೋಯಿತು: ಕಂಟ್ರೋಲ್ ಮಾಡ್ಯೂಲ್ ಕೋಡಿಂಗ್‌ನ ಒಂದು ಪ್ರಕರಣ

ಈ ಕಾರು ನನ್ನ ಬಳಿಗೆ ಬಂದದ್ದು ಹಿಂದಿನ ಗಾಜಿನ ವೈಪರ್ ಓಡುತ್ತಿಲ್ಲ ಎಂಬ ಒಂದೇ ದೂರಿನೊಂದಿಗೆ. ಐದು ಬಾಗಿಲಿನ ಹ್ಯಾಚ್‌ಬ್ಯಾಕ್, 7 ವರ್ಷ ಹಳೆಯದು, ಒಬ್ಬರೇ ಮಾಲೀಕರ ಕೈಯಲ್ಲಿ ಒಪ್ಪವಾಗಿ ಉಳಿದಿದ್ದ ಗಾಡಿ. ವೈಪರ್‌ನ ಫ್ಯೂಸ್ ಸರಿಯಾಗಿತ್ತು, ಮೋಟರಿಗೆ ನೇರವಾಗಿ 12 ವೋಲ್ಟ್ ಕೊಟ್ಟರೆ ತಿರುಗುತ್ತಿತ್ತು, ತಂತಿ ಎಲ್ಲಿಯೂ ತುಂಡಾಗಿರಲಿಲ್ಲ. ಆದರೂ ಸ್ಟಿಯರಿಂಗ್ ಪಕ್ಕದ ಲಿವರ್ ತಳ್ಳಿದಾಗ ಮೋಟರಿಗೆ ವಿದ್ಯುತ್ ಬರುತ್ತಲೇ ಇರಲಿಲ್ಲ, ಮತ್ತು ಸ್ಕ್ಯಾನ್ ಮಾಡಿ ನೋಡಿದರೆ ಅದರ ಬಗ್ಗೆ ದೋಷವನ್ನು ದಾಖಲಿಸುವ ಒಂದೇ ಒಂದು ಫಾಲ್ಟ್ ಕೋಡ್ ಕೂಡ ಇರಲಿಲ್ಲ. ತಂತಿ ಮತ್ತು ಮೋಟರ್ ಎರಡೂ ಸರಿಯಿದ್ದು, ಅವನ್ನು ನಡೆಸುವ ಸಣ್ಣ ಕಂಪ್ಯೂಟರ್ ಆದ ಕಂಟ್ರೋಲ್ ಮಾಡ್ಯೂಲ್ ಆಜ್ಞೆಯನ್ನೂ ಕೊಡದೆ ದೂರನ್ನೂ ಹೇಳದೆ ಸುಮ್ಮನಿದೆ ಎಂದರೆ, ಆ ಭಾಗ ಕಾರಿನಲ್ಲಿ ಇದೆ ಎಂಬುದೇ ಅದಕ್ಕೆ ಗೊತ್ತಿಲ್ಲ ಎಂದು ಅನುಮಾನಿಸಬೇಕಾಗುತ್ತದೆ. ಇತ್ತೀಚೆಗೆ ಏನಾದರೂ ಬದಲಾಯಿಸಿದ್ದೀರಾ ಎಂದು ಮಾಲೀಕರನ್ನು ಕೇಳಿದೆ. "ವೈಪರಿಗೆ ಸಂಬಂಧಿಸಿದ್ದು ಏನೂ ಇಲ್ಲ ಸರ್. ಲಾಕ್ ಮಾಡಿದಾಗ ಕನ್ನಡಿ ತಾನೇ ಮಡಚಿಕೊಳ್ಳುವ ಹಾಗೆ ಕೋಡ್ ಮಾಡಿಕೊಂಡೆ, ಅಷ್ಟೇ" ಎಂದರು.

ಆ "ಅಷ್ಟೇ" ಎಂಬುದರೊಳಗೆ ಏನೇನು ಅಡಗಿತ್ತು ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ಕಾರಿನ ತಯಾರಕರ ಹೆಸರನ್ನು ನಾನು ಹೇಳುತ್ತಿಲ್ಲ. ತಪ್ಪು ಕಾರಿನದಾಗಿರಲಿಲ್ಲ, ಮತ್ತು ಇದೇ ಬಗೆಯ ಕೋಡಿಂಗ್ ವ್ಯವಸ್ಥೆಯಿರುವ ಯಾವ ಕಾರಿನಲ್ಲಿಯೂ ಇದು ನಡೆಯಬಹುದಿತ್ತು.

ಅಡಗಿರುವ ಸೌಲಭ್ಯ ಎಂದರೇನು

ಒಂದೇ ಮಾಡ್ಯೂಲನ್ನು ತಯಾರಕರು ಅನೇಕ ಮಾದರಿಗಳಲ್ಲಿ, ಅನೇಕ ದೇಶಗಳ ಮಾರುಕಟ್ಟೆಗಳಲ್ಲಿ ಬಳಸುತ್ತಾರೆ. ದೀಪ, ವೈಪರ್, ಲಾಕ್, ಹಾರ್ನ್‌ಗಳನ್ನು ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್‌ನ ಒಳಗಿನ ತಂತ್ರಾಂಶದಲ್ಲಿ ಸೆಡಾನ್‌ಗೆ ಬೇಕಾದದ್ದೂ ಹ್ಯಾಚ್‌ಬ್ಯಾಕ್‌ಗೆ ಬೇಕಾದದ್ದೂ ಇರುತ್ತದೆ; ದುಬಾರಿ ಮಾದರಿಯದೂ ಇರುತ್ತದೆ, ಅಗ್ಗದ ಮಾದರಿಯದೂ ಇರುತ್ತದೆ. ಯಾವ ಕಾರಿನಲ್ಲಿ ಏನಿದೆ, ಯಾವುದು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕಾರ್ಖಾನೆಯಿಂದ ಹೊರಡುವ ಮುನ್ನ ಒಂದು ಸಂಖ್ಯಾಸರಣಿಯಾಗಿ ಬರೆದು ಇಡುತ್ತಾರೆ. ಅದೇ ಕೋಡಿಂಗ್. ಈ ಕಾರಿನ ಬಾಡಿ ಮಾಡ್ಯೂಲಿನಲ್ಲಿ ಆ ಸರಣಿ 30 ಬೈಟ್ ಉದ್ದವಿತ್ತು, ಅಂದರೆ 240 ಬಿಟ್‌ಗಳು. ಒಂದೊಂದು ಬಿಟ್ ಒಂದೊಂದು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ. ಕೆಲವು ಕಡೆ ಇಡೀ ಬೈಟ್ ಸೇರಿ ಒಂದು ಉತ್ತರ.

ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನುಗಳ ಒಬಿಡಿ ಕನೆಕ್ಟರ್ ಮೂಲತಃ ಹೊಗೆಯ ಮಾಲಿನ್ಯಕ್ಕೆ ಸಂಬಂಧಿಸಿದ ದೋಷಗಳನ್ನು ಓದುವುದಕ್ಕಾಗಿ ಕಡ್ಡಾಯವಾದದ್ದು. ಆದರೆ ತಯಾರಕರು ಅದೇ ಕನೆಕ್ಟರಿನ ಮೂಲಕ ತಮ್ಮ ಸ್ವಂತ ಡಯಾಗ್ನೋಸ್ಟಿಕ್ ಸಂಭಾಷಣೆಯನ್ನೂ ನಡೆಸುತ್ತಾರೆ. ಆ ಕನೆಕ್ಟರಿಗೆ ಸಿಕ್ಕಿಸುವ ಅಡಾಪ್ಟರ್ ಈ ಸಂಭಾಷಣೆಯ ಭಾಷೆಯನ್ನು ಬಲ್ಲದಾದರೆ ಸರಣಿಯನ್ನು ಓದಬಹುದು, ತಿದ್ದಿ ಮರಳಿ ಬರೆಯಬಹುದು. ಹೀಗೆ ಒಳಗೆ ಸಿದ್ಧವಾಗಿಯೇ ಇದ್ದು ಕೇವಲ "ಇಲ್ಲ" ಎಂದು ಗುರುತಾಗಿರುವ ಸೌಲಭ್ಯವನ್ನು "ಹೌದು" ಮಾಡುವುದಕ್ಕೆ ಜನ ಅಡಗಿರುವ ಸೌಲಭ್ಯವನ್ನು ತೆರೆಯುವುದು ಎನ್ನುತ್ತಾರೆ. ಇದು ತಂತ್ರಾಂಶವನ್ನೇ ಬದಲಿಸುವ ಫ್ಲ್ಯಾಶಿಂಗ್ ಅಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಫ್ಲ್ಯಾಶಿಂಗ್ ನಡುವೆ ವಿದ್ಯುತ್ ಹೋದರೆ ಮಾಡ್ಯೂಲ್ ಅರ್ಧ ಬರೆದ ಸ್ಥಿತಿಯಲ್ಲಿ ಸತ್ತಂತೆ ಬೀಳಬಹುದು. ಕೋಡಿಂಗ್‌ನಲ್ಲಿ ಅಂಥ ಸಾವು ಅಪರೂಪ; ಅದರ ಅಪಾಯ ಬೇರೆಯದೇ ಬಗೆಯದು, ಮತ್ತು ಕಣ್ಣಿಗೆ ಬೀಳದೆ ಇರುವುದರಿಂದ ಹೆಚ್ಚು ಕಾಡುವಂಥದು.

ಮಾಲೀಕರು ಮಾಡಿದ್ದು

ಈ ಕಾರಿನ ಕನ್ನಡಿಗಳಿಗೆ ಮಡಚುವ ಮೋಟರ್ ಮೊದಲಿನಿಂದಲೂ ಇತ್ತು. ಬಾಗಿಲಿನ ಗುಂಡಿಯನ್ನು ತಿರುಗಿಸಿದರೆ ಎರಡೂ ಕನ್ನಡಿಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಇದು ಮುಖ್ಯವಾದ ಅಂಶ. ಇಲ್ಲದ ಮೋಟರನ್ನು ಕೋಡಿಂಗ್ ಹುಟ್ಟಿಸಲಾರದು; ಬಾಗಿಲಿನ ಮಾಡ್ಯೂಲ್‌ನ ಕಡಿಮೆ ದರ್ಜೆಯ ಅವತರಣಿಕೆಯಲ್ಲಿ ಆ ಮೋಟರನ್ನು ನಡೆಸುವ ಔಟ್‌ಪುಟ್ ಸರ್ಕಿಟ್ಟೇ ಇರುವುದಿಲ್ಲ. ಅಂಥ ಕಾರಿನಲ್ಲಿ ಬಿಟ್ ಬದಲಿಸಿದರೆ ಏನೂ ಆಗುವುದಿಲ್ಲ, ಅಥವಾ ಸರ್ಕಿಟ್ ತೆರೆದಿದೆ ಎಂಬ ಹೊಸ ಫಾಲ್ಟ್ ಕೋಡ್ ಬಂದು ಕೂರುತ್ತದೆ. ಗುಂಡಿಯಿಂದ ಮಡಚುವ ಕನ್ನಡಿ, ಕೀಲಿಯಿಂದಲೂ ಮಡಚಬೇಕು ಎಂಬ ಆಸೆಗೆ ಮಾತ್ರ ಕೋಡಿಂಗ್ ಉತ್ತರವಾಗಬಲ್ಲದು. ಆ ದೃಷ್ಟಿಯಿಂದ ಅವರ ಆಸೆ ನ್ಯಾಯವಾದದ್ದೇ.

ಅವರು ಫೋನಿಗೆ ನಿಸ್ತಂತುವಾಗಿ ಜೋಡಿಸುವ ಅಡಾಪ್ಟರ್ ಒಂದನ್ನು ಕೊಂಡರು. ಮೊದಲ ದಿನ ಚಾಲಕರ ಬಾಗಿಲಿನ ಮಾಡ್ಯೂಲ್‌ನಲ್ಲಿ ಸಂಬಂಧಪಟ್ಟ ಬಿಟ್ಟನ್ನು ಹೌದು ಮಾಡಿದರು. ಕೀಲಿಯ ಲಾಕ್ ಗುಂಡಿಯನ್ನು ಒತ್ತಿ ಹಿಡಿದಾಗ ಚಾಲಕರ ಕಡೆಯ ಕನ್ನಡಿ ಮಡಚಿಕೊಂಡಿತು, ಇನ್ನೊಂದು ಕದಲಲಿಲ್ಲ. ಇದರ ಕಾರಣ ಸರಳವಾಗಿತ್ತು: ಪಕ್ಕದ ಬಾಗಿಲಿಗೆ ಅದರದೇ ಆದ ಮಾಡ್ಯೂಲ್, ಅದರದೇ ಆದ ಕೋಡಿಂಗ್ ಇತ್ತು, ಅಲ್ಲಿಯೂ ಅದೇ ಬಿಟ್ಟನ್ನು ಬದಲಿಸಬೇಕಿತ್ತು. ಆದರೆ ಅವರು ದೋಷ ಕೇಂದ್ರದಲ್ಲಿದೆ, ಬಾಡಿ ಮಾಡ್ಯೂಲ್ ಪಕ್ಕದ ಬಾಗಿಲಿಗೆ ಆಜ್ಞೆಯನ್ನು ಕಳುಹಿಸುತ್ತಿಲ್ಲ ಎಂದು ಊಹಿಸಿದರು. ತಮ್ಮದೇ ಮಾದರಿಯ, ಅದೇ ವರ್ಷದ, ಬಾಡಿ ಮಾಡ್ಯೂಲಿನ ಪಾರ್ಟ್ ನಂಬರ್ ಕೂಡ ಒಂದೇ ಆಗಿದ್ದ ಇನ್ನೊಂದು ಕಾರಿನ ಪೂರ್ತಿ 30 ಬೈಟ್‌ಗಳ ಸರಣಿ ಅವರಿಗೆ ಸಿಕ್ಕಿತ್ತು. ಆ ಕಾರಿನಲ್ಲಿ ಎರಡೂ ಕನ್ನಡಿಗಳು ಮಡಚುತ್ತಿದ್ದವು. ಅದನ್ನು ಹಾಗೆಯೇ ತಮ್ಮ ಬಾಡಿ ಮಾಡ್ಯೂಲಿಗೆ ಅಂಟಿಸಿದರು. ಅದೇ ಕುಳಿತಲ್ಲಿ ಪಕ್ಕದ ಬಾಗಿಲಿನ ಬಿಟ್ಟನ್ನೂ ಬದಲಿಸಿದರು. ಎರಡೂ ಕನ್ನಡಿಗಳು ಮಡಚಿಕೊಂಡವು. ಕೊನೆಗೆ ಎಲ್ಲ ಮಾಡ್ಯೂಲ್‌ಗಳ ಫಾಲ್ಟ್ ಕೋಡ್‌ಗಳನ್ನು ಒಟ್ಟಿಗೆ ಅಳಿಸಿಹಾಕಿ ಕೆಲಸ ಮುಗಿಯಿತೆಂದುಕೊಂಡರು.

ಎರಡು ಬದಲಾವಣೆಗಳನ್ನು ಒಂದೇ ಸಲಕ್ಕೆ ಮಾಡಿದಾಗ ಫಲ ಯಾವುದರಿಂದ ಬಂತು ಎಂದು ಹೇಳಲು ಬರುವುದಿಲ್ಲ. ಅವರು ಫಲದ ಕೀರ್ತಿಯನ್ನು ಅಂಟಿಸಿದ ಸರಣಿಗೆ ಕೊಟ್ಟರು, ಕೆಲಸ ಮಾಡಿದ್ದು ಪಕ್ಕದ ಬಾಗಿಲಿನ ಒಂದು ಬಿಟ್. ಬಾಡಿ ಮಾಡ್ಯೂಲನ್ನು ಮುಟ್ಟುವ ಅಗತ್ಯವೇ ಇರಲಿಲ್ಲ ಎಂಬುದು ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ತಂದ ಸಂಗತಿ.

ಮಾಡ್ಯೂಲ್ ಏಕೆ ಒಪ್ಪಿಕೊಂಡಿತು

"ತಪ್ಪಾಗಿದ್ದರೆ ಅದು ತಿರಸ್ಕರಿಸಬೇಕಿತ್ತಲ್ಲವೇ?" ಎಂದು ಮಾಲೀಕರು ಕೇಳಿದರು. ಈ ನಂಬಿಕೆ ಬಹಳ ಜನರಲ್ಲಿದೆ, ಆದ್ದರಿಂದ ಸಂಭಾಷಣೆ ನಡೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಂದಿನ ಬಹುಪಾಲು ಕಾರುಗಳು ಯುಡಿಎಸ್ ಎಂಬ ನಿಯಮಾವಳಿಯಲ್ಲಿ ಮಾತಾಡುತ್ತವೆ. ಅದರ ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ಬರೆಯುತ್ತಾರೆ, ಅಲ್ಲಿ 9ರ ನಂತರ A ಯಿಂದ F ವರೆಗಿನ ಅಕ್ಷರಗಳೂ ಅಂಕಿಗಳೇ. ಮೌಲ್ಯವನ್ನು ಬರೆಯುವ ಸೇವೆಯ ಸಂಖ್ಯೆ 2E. ಅದರ ನಂತರ ಯಾವ ಮೌಲ್ಯ ಎಂದು ಹೇಳುವ ಎರಡು ಬೈಟ್, ಆಮೇಲೆ ಬರೆಯಬೇಕಾದ ಸರಣಿ. ಮಾಡ್ಯೂಲ್ ಒಪ್ಪಿದರೆ 6E ಎಂದು ಆರಂಭವಾಗುವ ಉತ್ತರ ಬರುತ್ತದೆ, ಒಪ್ಪದಿದ್ದರೆ 7F ಎಂದು ಆರಂಭವಾಗುತ್ತದೆ.

```
2E 06 00 ...
6E 06 00
7F 2E 31
```

ಮೊದಲ ಸಾಲು ಬರೆಯುವ ಆಜ್ಞೆ, ಎರಡನೆಯದು ಒಪ್ಪಿಗೆ, ಮೂರನೆಯದು ನಿರಾಕರಣೆ. ಕೊನೆಯ 31 ಎಂಬುದು ಕೊಟ್ಟ ಮೌಲ್ಯ ಮಿತಿಯ ಹೊರಗಿದೆ ಎಂಬ ಕಾರಣವನ್ನು ತಿಳಿಸುತ್ತದೆ. 30 ಬೈಟ್‌ಗಳ ಸರಣಿ ಆಜ್ಞೆಯ 3 ಬೈಟ್‌ಗಳೊಂದಿಗೆ ಸೇರಿ 33 ಬೈಟ್ ಆಗುತ್ತದೆ. ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಕ್ಯಾನ್ ಎಂಬ ಜಾಲದಲ್ಲಿ ಸಂದೇಶದ ಒಂದು ತುಂಡು, ಅಂದರೆ ಒಂದು ಸಾಮಾನ್ಯ ಫ್ರೇಮ್, ಹೊರಬಲ್ಲದ್ದು ಕೇವಲ 8 ಬೈಟ್, ಅದರಲ್ಲಿಯೂ ಒಂದೆರಡು ಎಣಿಕೆಗೆ ಹೋಗುತ್ತವೆ. ಹಾಗಾಗಿ ಸಂದೇಶ 5 ಫ್ರೇಮ್‌ಗಳಾಗಿ ಒಡೆದು ಹೋಗುತ್ತದೆ. ನಿಸ್ತಂತು ಸಂಪರ್ಕ ಮಧ್ಯದಲ್ಲಿ ಕಡಿದು ಒಂದು ಫ್ರೇಮ್ ಕಳೆದರೆ ಮಾಡ್ಯೂಲ್ ಕಾದು ನೋಡಿ ಇಡೀ ಸಂದೇಶವನ್ನು ಬಿಟ್ಟುಬಿಡುತ್ತದೆ, ಹಳೆಯ ಕೋಡಿಂಗ್ ಉಳಿಯುತ್ತದೆ. ಅಗ್ಗದ ಅಡಾಪ್ಟರ್‌ಗಳು ಉದ್ದ ಸಂದೇಶಗಳಲ್ಲಿ ಎಡವುವುದು ಇಲ್ಲಿಯೇ, ಆದರೆ ಆ ಎಡವುವಿಕೆ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ.

ಹಾನಿಯಾಗುವುದು ಸಂದೇಶ ಪೂರ್ತಿಯಾಗಿ, ಸರಿಯಾಗಿ ತಲುಪಿದಾಗ. ಮಾಡ್ಯೂಲ್ ಪರೀಕ್ಷಿಸುವುದು ಸರಣಿಯ ಉದ್ದವನ್ನು, ಕೆಲವು ಕಡೆ ಒಂದೊಂದು ಬೈಟ್‌ನ ಮಿತಿಯನ್ನು. ತಾನು ಯಾವ ದೇಹದ ಕಾರಿನಲ್ಲಿ ಕೂತಿದ್ದೇನೆ, ಹಿಂದೆ ವೈಪರ್ ಇದೆಯೇ ಇಲ್ಲವೇ ಎಂಬುದನ್ನು ಅದು ಇದೇ ಸರಣಿಯಿಂದಲೇ ತಿಳಿಯುವುದರಿಂದ, ಸರಣಿ ಸುಳ್ಳು ಹೇಳಿದರೆ ಅದನ್ನು ಹಿಡಿಯಲು ಅದರ ಬಳಿ ಬೇರೆ ಸಾಕ್ಷಿಯಿಲ್ಲ. ಪಾರ್ಟ್ ನಂಬರ್ ಒಂದೇ ಎಂಬುದು ಎರಡು ಮಾಡ್ಯೂಲ್‌ಗಳು ಒಂದೇ ಎಂದು ಹೇಳುತ್ತದೆಯೇ ಹೊರತು ಎರಡು ಕಾರುಗಳು ಒಂದೇ ಎಂದಲ್ಲ. ಕೋಡಿಂಗ್ ಎಂಬ ವ್ಯವಸ್ಥೆ ಹುಟ್ಟಿದ್ದೇ ಒಂದೇ ಮಾಡ್ಯೂಲನ್ನು ಬೇರೆ ಬೇರೆ ಕಾರುಗಳಲ್ಲಿ ಕೂರಿಸುವುದಕ್ಕಾಗಿ.

ಎರಡು ಸರಣಿಗಳ ಹೋಲಿಕೆ

ಅಂಟಿಸುವ ಮುನ್ನ ಅವರು ಮೂಲ ಸರಣಿಯನ್ನು ಬರೆದಿಟ್ಟುಕೊಂಡಿರಲಿಲ್ಲ. ಕೆಲವು ಆ್ಯಪ್‌ಗಳು ಹಳೆಯ ಮೌಲ್ಯವನ್ನು ತಮ್ಮ ಇತಿಹಾಸದಲ್ಲಿ ಉಳಿಸಿಕೊಳ್ಳುತ್ತವೆ. ಅವರ ಫೋನಿನಲ್ಲಿ ಅದೂ ಇರಲಿಲ್ಲ, ಏಕೆಂದರೆ ನಡುವೆ ಫೋನ್ ಬದಲಾಗಿತ್ತು. ಕಡೆಗೆ ಸಹಾಯಕ್ಕೆ ಬಂದದ್ದು ಒಂದು ಕಾಗದ. ಎರಡು ವರ್ಷಗಳ ಹಿಂದೆ ಬೇರೊಂದು ಕೆಲಸಕ್ಕೆ ಹೋಗಿದ್ದಾಗ ಒಂದು ವರ್ಕ್‌ಶಾಪ್‌ನವರು ಇಡೀ ಕಾರನ್ನು ಸ್ಕ್ಯಾನ್ ಮಾಡಿ ವರದಿಯ ಪ್ರತಿಯನ್ನು ಬಿಲ್ಲಿನೊಂದಿಗೆ ಕೊಟ್ಟಿದ್ದರು. ಅದರಲ್ಲಿ ಪ್ರತಿ ಮಾಡ್ಯೂಲಿನ ಪಾರ್ಟ್ ನಂಬರ್, ತಂತ್ರಾಂಶದ ಆವೃತ್ತಿ ಮತ್ತು ಕೋಡಿಂಗ್ ಸರಣಿ ಮುದ್ರಿತವಾಗಿತ್ತು. ಆ ಕಾಗದ ಇಲ್ಲದಿದ್ದರೆ ತಯಾರಕರ ಸರ್ವರಿನಲ್ಲಿ ಈ ಚಾಸಿಸ್ ಸಂಖ್ಯೆಗೆ ದಾಖಲಾದ ಕಾರ್ಖಾನೆಯ ಕೋಡಿಂಗನ್ನು ಅಧಿಕೃತ ಸೇವಾಕೇಂದ್ರದ ಮೂಲಕ ತರಿಸಬೇಕಾಗುತ್ತಿತ್ತು.

ಕಾಗದದ ಸರಣಿಯನ್ನೂ ಮಾಡ್ಯೂಲಿನಲ್ಲಿ ಈಗ ಇದ್ದ ಸರಣಿಯನ್ನೂ ಒಂದರ ಕೆಳಗೆ ಒಂದನ್ನು ಬರೆದು ನೋಡಿದಾಗ 30ರಲ್ಲಿ 26 ಬೈಟ್‌ಗಳು ಒಂದೇ ಆಗಿದ್ದವು, 4 ಬೇರೆಯಾಗಿದ್ದವು. ಆ ನಾಲ್ಕೂ ನಾಲ್ಕು ಬೇರೆ ಬೇರೆ ಕಥೆಗಳು.

ಮೊದಲನೆಯದು ವೈಪರ್. ಸರಣಿ ಕೊಟ್ಟ ಕಾರು ಅದೇ ಹೆಸರಿನ ಸೆಡಾನ್ ಆಗಿತ್ತು. ಸೆಡಾನ್‌ಗೆ ಹಿಂದಿನ ಗಾಜಿನ ವೈಪರ್ ಇಲ್ಲ, ಆದ್ದರಿಂದ ಆ ಬಿಟ್ ಸೊನ್ನೆ. ಈ ಒಂದು ಬಿಟ್ಟಿನಿಂದಾಗಿ ಬಾಡಿ ಮಾಡ್ಯೂಲ್ ಲಿವರ್‌ನ ಸಂಕೇತವನ್ನು ಪಡೆದೂ ಅದನ್ನು ಕಡೆಗಣಿಸುತ್ತಿತ್ತು. ಫಾಲ್ಟ್ ಕೋಡ್ ಬಾರದಿದ್ದುದಕ್ಕೂ ಇದೇ ಕಾರಣ: ಇಲ್ಲವೆಂದು ತಾನು ನಂಬಿರುವ ಭಾಗವನ್ನು ಮಾಡ್ಯೂಲ್ ಪರೀಕ್ಷಿಸುವುದಿಲ್ಲ.

ಎರಡನೆಯದು ಹಿಂದಿನ ಮಂಜುದೀಪ, ಅಂದರೆ ಫಾಗ್ ಲ್ಯಾಂಪ್. ಸರಣಿ ಕೊಟ್ಟ ಕಾರು ರಸ್ತೆಯ ಬಲಬದಿಯಲ್ಲಿ ಚಲಿಸುವ ಮಾರುಕಟ್ಟೆಯದು, ಈ ಕಾರು ಎಡಬದಿಯಲ್ಲಿ ಚಲಿಸುವ ಮಾರುಕಟ್ಟೆಯದು. ಹಿಂದೆ ಒಂದೇ ಮಂಜುದೀಪವಿದ್ದರೆ ಅದು ರಸ್ತೆಯ ಅಂಚಿನ ಬದಿಯಲ್ಲಿ ಇರಬಾರದು, ರಸ್ತೆಯ ಮಧ್ಯದ ಬದಿಗೆ ಅಥವಾ ಕಾರಿನ ನಡುವೆ ಇರಬೇಕೆಂದು ವಾಹನದೀಪಗಳ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಹಾಗಾಗಿ ಆ ಕಾರಿನಲ್ಲಿ ಅದು ಎಡಗಡೆ, ಈ ಕಾರಿನಲ್ಲಿ ಬಲಗಡೆ. ಅಂಟಿಸಿದ ಸರಣಿಯ ಪ್ರಕಾರ ಮಾಡ್ಯೂಲ್ ಎಡಗಡೆಯ ಔಟ್‌ಪುಟ್‌ಗೆ ವಿದ್ಯುತ್ ಕೊಡುತ್ತಿತ್ತು. ಈ ಕಾರಿನ ಎಡಗಡೆಯ ದೀಪದ ಗೂಡಿನಲ್ಲಿ ಆ ಔಟ್‌ಪುಟ್‌ಗೆ ಯಾವ ಬಲ್ಬೂ ಜೋಡಣೆಯಾಗಿರಲಿಲ್ಲ. ಸ್ವಿಚ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಸೂಚಕ ಚೆನ್ನಾಗಿಯೇ ಉರಿಯುತ್ತಿತ್ತು. ಕಾರಿನ ಹಿಂದೆ ಹೋಗಿ ನಿಂತು ನೋಡಿದವರಿಗೆ ಮಾತ್ರ ದೀಪ ಕತ್ತಲೆಯಾಗಿರುವುದು ಕಾಣುತ್ತಿತ್ತು. ದಟ್ಟ ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿಗೆ ಈ ಕಾರು ಕಾಣಬೇಕಾದ ದೀಪ ಅದು. ಮಾಲೀಕರು ಎರಡು ತಿಂಗಳು ಹಾಗೆಯೇ ಓಡಾಡಿದ್ದರು. ಮಳೆ ಬಂದು ವೈಪರ್ ನೆನಪಾಗದಿದ್ದರೆ ಮಂಜಿನ ದಿನಗಳವರೆಗೂ ಓಡಾಡುತ್ತಿದ್ದರು.

ಮೂರನೆಯದು ನಂಬರ್ ಪ್ಲೇಟಿನ ದೀಪ. ಆ ಸೆಡಾನ್‌ನಲ್ಲಿ ಎಲ್‌ಇಡಿ, ಈ ಕಾರಿನಲ್ಲಿ ತಂತುವಿನ ಬಲ್ಬ್. ಬಲ್ಬ್ ಸುಟ್ಟಿದೆಯೇ ಎಂದು ಮಾಡ್ಯೂಲ್ ತಿಳಿಯುವುದು ಅದರೊಳಗೆ ಹರಿಯುವ ವಿದ್ಯುತ್ತನ್ನು ಅಳೆದು. ಎಲ್‌ಇಡಿ ಬಳಸುವ ವಿದ್ಯುತ್ ಅತಿ ಕಡಿಮೆಯಾದ್ದರಿಂದ ಆ ಕಾರಿನ ಕೋಡಿಂಗ್‌ನಲ್ಲಿ ಈ ಪರೀಕ್ಷೆಯನ್ನೇ ನಿಲ್ಲಿಸಲಾಗಿತ್ತು. ನಾನು ಒಂದು ಬಲ್ಬನ್ನು ಕೈಯಾರೆ ಕಿತ್ತು ದೀಪ ಹಾಕಿ ನೋಡಿದೆ. ಡ್ಯಾಶ್‌ಬೋರ್ಡ್ ಏನೂ ಹೇಳಲಿಲ್ಲ. ಇಲ್ಲಿ ಬಲ್ಬ್ ಕೆಟ್ಟಿರಲಿಲ್ಲ, ಕೆಟ್ಟಾಗ ಹೇಳುವ ಕಾವಲು ಹೋಗಿತ್ತು. ಸರಣಿಗಳನ್ನು ಹೋಲಿಸದೆ ಕಾವಲು ಇಲ್ಲವಾದುದನ್ನು ಪತ್ತೆ ಹಚ್ಚಬೇಕಾದರೆ ಹೀಗೆ ಬೇಕೆಂದೇ ಒಂದು ದೋಷವನ್ನು ಹುಟ್ಟಿಸಿ ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ನಾಲ್ಕನೆಯ ಬೈಟ್ ನನ್ನನ್ನು ಹೆಚ್ಚು ಆತಂಕಕ್ಕೆ ಈಡುಮಾಡಿತು. ಕೀಲಿಯ ಲಾಕ್ ಗುಂಡಿಯನ್ನು ಒತ್ತಿ ಹಿಡಿದರೆ ಕಿಟಕಿಗಳೂ ಮೇಲೇರುವ ಸೌಲಭ್ಯ ಈಗ ಹೌದು ಆಗಿತ್ತು. ಕನ್ನಡಿ ಮಡಚಲು ಮಾಲೀಕರು ಒತ್ತಿ ಹಿಡಿಯುತ್ತಿದ್ದುದು ಅದೇ ಗುಂಡಿ. ಕಿಟಕಿ ತೆರೆದು ಬಿಟ್ಟು ಇಳಿದ ದಿನ ಅವರಿಗೆ ಇದು ಗೊತ್ತಾಗಿತ್ತು, ಅದನ್ನು ಅವರು ಒಂದು ಹೆಚ್ಚಿನ ಅನುಕೂಲವೆಂದೇ ತಿಳಿದಿದ್ದರು. ಕೈ ಸಿಕ್ಕಿದರೆ ಕಿಟಕಿ ಹಿಂದಕ್ಕೆ ಇಳಿಯುವ ರಕ್ಷಣೆ ಮೋಟರ್ ತನ್ನ ಮೇಲಿನ ಮತ್ತು ಕೆಳಗಿನ ತುದಿಗಳನ್ನು ಕಲಿತಿದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಎಷ್ಟೋ ಕಾರುಗಳಲ್ಲಿ ಬ್ಯಾಟರಿ ಕಳಚಿ ಹಾಕಿದ ಮೇಲೆ ಈ ಕಲಿಕೆ ಅಳಿಸಿಹೋಗುತ್ತದೆ, ಗಾಜನ್ನು ಪೂರ್ತಿ ಏರಿಸಿ ಗುಂಡಿಯನ್ನು ಕೆಲವು ಕ್ಷಣ ಹಿಡಿದು ಮತ್ತೆ ಕಲಿಸಬೇಕಾಗುತ್ತದೆ. ಮೇಲಾಗಿ ಇದರ ಗುಂಡಿ ಕಾರಿನಿಂದ ದೂರದಲ್ಲಿ, ಹಿಂದಿನ ಸೀಟಿನ ಮಗು ಕಾಣದ ಜಾಗದಲ್ಲಿ ನಿಂತವರ ಕೈಯಲ್ಲಿದೆ. ಯಾವುದೋ ಮಾರುಕಟ್ಟೆಗೆ ತಯಾರಕರು ಇದನ್ನು ಕೊಟ್ಟಿಲ್ಲವೆಂದರೆ ಅದು ಕೇವಲ ಜಿಪುಣತನವೆಂದು ತಿಳಿಯಬಾರದು. ಮಾರುಕಟ್ಟೆಯ ನಿಯಮವೋ, ಆ ಮಾದರಿಯ ಕಿಟಕಿ ಮೋಟರಿನ ಮಿತಿಯೋ ಅದರ ಹಿಂದೆ ಇರಬಹುದು.

ಮರಳಿ ಸರಿಪಡಿಸಿದ ಬಗೆ

ಮೊದಲು ಕಾರಿಗೆ ಸ್ಥಿರವಾದ ವಿದ್ಯುತ್ ಒದಗಿಸುವ ಚಾರ್ಜರನ್ನು ಜೋಡಿಸಿದೆ. ಕೋಡಿಂಗ್ ನಡೆಯುವುದು ಇಗ್ನಿಷನ್ ಹಾಕಿ, ಎಂಜಿನ್ ನಿಲ್ಲಿಸಿ. ಆ ಹೊತ್ತಿನಲ್ಲಿ ಎಲ್ಲ ಮಾಡ್ಯೂಲ್‌ಗಳೂ ಎಚ್ಚರವಾಗಿದ್ದು ಬ್ಯಾಟರಿಯನ್ನು ಹೀರುತ್ತಿರುತ್ತವೆ. ಒಂದು ಗಂಟೆ ಹೀಗೆ ಕಳೆದರೆ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿದು, ಕೋಡಿಂಗ್‌ಗೆ ಸಂಬಂಧವೇ ಇಲ್ಲದ ಮಾಡ್ಯೂಲ್‌ಗಳಲ್ಲಿ ವೋಲ್ಟೇಜ್ ಕಡಿಮೆಯೆಂಬ ಕೋಡ್‌ಗಳು ಸಾಲುಸಾಲಾಗಿ ಬರುತ್ತವೆ. ಅವುಗಳ ನಡುವೆ ನಿಜವಾದ ದೋಷ ಯಾವುದೆಂದು ಹುಡುಕುವುದು ಕಷ್ಟ.

ಆಮೇಲೆ ಇಡೀ ಕಾರನ್ನು ಸ್ಕ್ಯಾನ್ ಮಾಡಿ, ಕೆಟ್ಟ ಸ್ಥಿತಿಯ ವರದಿಯನ್ನೂ ಉಳಿಸಿಕೊಂಡೆ. ಕೆಟ್ಟದ್ದನ್ನೂ ಉಳಿಸಿಕೊಳ್ಳಬೇಕು, ಏಕೆಂದರೆ ಕಾಗದದ ಸರಣಿಯಲ್ಲಿ ಒಂದು ಅಂಕಿ ಮುದ್ರಣದಲ್ಲಿ ತಪ್ಪಿದ್ದರೆ ಮರಳಿ ಬರಲು ನಮಗೆ ಇನ್ನೊಂದು ನೆಲೆ ಬೇಕು. ಕಾಗದದಲ್ಲಿದ್ದ ಪಾರ್ಟ್ ನಂಬರ್ ಮತ್ತು ತಂತ್ರಾಂಶದ ಆವೃತ್ತಿ ಈಗಿನದಕ್ಕೆ ಹೊಂದುತ್ತದೆಯೇ ಎಂದು ನೋಡಿದೆ. ನಡುವೆ ತಂತ್ರಾಂಶ ಪರಿಷ್ಕರಣೆಯಾಗಿದ್ದರೆ ಅದೇ ಬೈಟ್‌ನ ಅರ್ಥ ಬದಲಾಗಿರಬಹುದಿತ್ತು. ಎರಡೂ ಹೊಂದಿದ ಮೇಲೆಯೇ ಬಾಡಿ ಮಾಡ್ಯೂಲಿನ ಮೂಲ ಸರಣಿಯನ್ನು ಬರೆದು, ಕೂಡಲೇ ಮತ್ತೆ ಓದಿ, ಬರೆದದ್ದು ಮತ್ತು ಓದಿದ್ದು ಒಂದೇ ಎಂದು ಖಚಿತಪಡಿಸಿಕೊಂಡೆ. ವೈಪರ್ ತಿರುಗಿತು, ಬಲಗಡೆಯ ಮಂಜುದೀಪ ಉರಿಯಿತು, ಕಿತ್ತಿಟ್ಟಿದ್ದ ಬಲ್ಬಿನ ಬಗ್ಗೆ ಡ್ಯಾಶ್‌ಬೋರ್ಡ್ ದೂರು ಹೇಳಿತು. ಆ ದೂರನ್ನು ಕಂಡು ಮಾಲೀಕರು ನೆಮ್ಮದಿಯ ಉಸಿರು ಬಿಟ್ಟರು.

ಕನ್ನಡಿಗಳು? ಬಾಗಿಲಿನ ಎರಡೂ ಮಾಡ್ಯೂಲ್‌ಗಳನ್ನು ನಾನು ಮುಟ್ಟಿರಲಿಲ್ಲ. ಕೀಲಿಯನ್ನು ಒತ್ತಿ ಹಿಡಿದಾಗ ಎರಡೂ ಕನ್ನಡಿಗಳು ಮೊದಲಿನಂತೆಯೇ ಮಡಚಿಕೊಂಡವು. ಅಂಟಿಸಿದ ಸರಣಿ ಕನ್ನಡಿಗಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ.

ಆದರೂ ಬಾಗಿಲಿನ ಮಾಡ್ಯೂಲ್‌ಗಳನ್ನು ಕಾಗದದ ಜೊತೆ ಹೋಲಿಸಿ ನೋಡಿದೆ, ಅಲ್ಲಿಯೂ ಒಂದು ಎಡವಟ್ಟು ಕೂದಲೆಳೆಯಷ್ಟರಲ್ಲಿ ತಪ್ಪಿತ್ತು. ಸಂಬಂಧಪಟ್ಟ ಬೈಟ್‌ನ ಮೂಲ ಮೌಲ್ಯ 4A, ಅಂದರೆ ಬಿಟ್‌ಗಳಲ್ಲಿ ಬರೆದರೆ 01001010. ಬಲತುದಿಯ ಬಿಟ್ಟನ್ನು ಸೊನ್ನೆ ಎಂದು ಹಿಡಿದು ಎಣಿಸಿದರೆ ಎರಡನೆಯ ಬಿಟ್ಟನ್ನು ಒಂದು ಮಾಡಬೇಕು. ಆಗ 01001110, ಅಂದರೆ 4E.

```
4A = 01001010
4E = 01001110
52 = 01010010
```

ಮಾಲೀಕರು ಇದನ್ನು "4 ಕೂಡಿಸಬೇಕು" ಎಂದು ನೆನಪಿಟ್ಟುಕೊಂಡಿದ್ದರು. ಮೊದಲ ಸಲಕ್ಕೆ ಇದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೆ ಒಂದು ಬಾಗಿಲು ಕೆಲಸ ಮಾಡದಿದ್ದಾಗ ಮತ್ತೊಮ್ಮೆ ಪ್ರಯತ್ನಿಸೋಣವೆಂದು ಅದೇ ಬೈಟಿಗೆ ಪುನಃ 4 ಕೂಡಿಸಿದ್ದರೆ 4E ಎಂಬುದು 52 ಆಗುತ್ತಿತ್ತು. ಮೂರನೆಯ ಸಾಲನ್ನು ಎರಡನೆಯದರೊಂದಿಗೆ ಹೋಲಿಸಿ ನೋಡಿದರೆ ಮೂರು ಬಿಟ್‌ಗಳು ಬದಲಾಗಿರುವುದು ಕಾಣುತ್ತದೆ: ಬೇಕಾಗಿದ್ದ ಬಿಟ್ ಆರಿಹೋಗಿದೆ, ಅದರ ಪಕ್ಕದ್ದೂ ಆರಿದೆ, ಅದಕ್ಕೂ ಮುಂದಿನದು ಹೊತ್ತಿಕೊಂಡಿದೆ. ಕೂಡುವುದು ದಶಕ ಸಾಗಿಸುತ್ತದೆ, ಬಿಟ್ ಹೊತ್ತಿಸುವುದು ಸಾಗಿಸುವುದಿಲ್ಲ. ಬೈಟನ್ನು ಎಂಟು ಬಿಟ್‌ಗಳಾಗಿ ಬಿಡಿಸಿ ಬರೆದು, ಬೇಕಾದ ಒಂದನ್ನೇ ತಿದ್ದಿ, ಮತ್ತೆ ಮಡಿಸುವುದು ಸ್ವಲ್ಪ ಬೇಸರದ ಕೆಲಸವಾದರೂ ಅದೊಂದೇ ಸರಿಯಾದ ದಾರಿ. ಇಲ್ಲಿ ಕೊಟ್ಟಿರುವ ಅಂಕಿಗಳು ಈ ಕಾರಿನ ಈ ಮಾಡ್ಯೂಲಿಗೆ ಸೇರಿದವು. ಇದೇ ತಯಾರಕರ ಮುಂದಿನ ಪೀಳಿಗೆಯ ಮಾಡ್ಯೂಲಿನಲ್ಲಿ ಅದೇ ಜಾಗದ ಬಿಟ್ ಬೇರೇನನ್ನೋ ಹೇಳಬಹುದು.

ಬ್ಯಾಟರಿಯ ಇನ್ನೊಂದು ದೂರು

ಹೊರಡುವ ಮುನ್ನ ಮಾಲೀಕರು ಇನ್ನೊಂದು ಮಾತು ಹೇಳಿದರು: ಒಂದೂವರೆ ವಾರ ಕಾರನ್ನು ನಿಲ್ಲಿಸಿ ಬಂದಾಗ ಸ್ಟಾರ್ಟ್ ಆಗಲಿಲ್ಲ, ಇದೂ ಕೋಡಿಂಗ್‌ನಿಂದಲೇ ಇರಬೇಕು ಎಂದು. ಅಳೆದು ನೋಡಿದಾಗ ಅದು ಕೋಡಿಂಗ್‌ನ ತಪ್ಪಾಗಿರಲಿಲ್ಲ. ಅವರು ಅಡಾಪ್ಟರನ್ನು ಕನೆಕ್ಟರ್‌ನಲ್ಲಿಯೇ ಬಿಟ್ಟಿರುತ್ತಿದ್ದರು. ಒಬಿಡಿ ಕನೆಕ್ಟರಿನ 16ನೆಯ ಪಿನ್‌ಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಇರುತ್ತದೆ, ಇಗ್ನಿಷನ್ ತೆಗೆದರೂ ಅದು ಹೋಗುವುದಿಲ್ಲ. ಕಾರನ್ನು ಲಾಕ್ ಮಾಡಿ, ಮಾಡ್ಯೂಲ್‌ಗಳು ನಿದ್ರೆಗೆ ಹೋಗಲೆಂದು ಅರ್ಧ ಗಂಟೆಗೂ ಹೆಚ್ಚು ಕಾದು ಅಳೆದರೆ ಅಡಾಪ್ಟರ್ ಇಲ್ಲದೆ 0.02 ಆಂಪಿಯರ್, ಅಡಾಪ್ಟರ್ ಇದ್ದಾಗ 0.16 ಆಂಪಿಯರ್ ಹರಿಯುತ್ತಿತ್ತು. ಅಡಾಪ್ಟರ್ ತಾನು ಹೀರುವುದಲ್ಲದೆ ಕಾರಿನ ಜಾಲವನ್ನೂ ಪೂರ್ತಿ ನಿದ್ರಿಸಲು ಬಿಡುತ್ತಿರಲಿಲ್ಲ. ದಿನಕ್ಕೆ ಸುಮಾರು 3.8 ಆಂಪಿಯರ್-ಗಂಟೆ ಎಂದರೆ ಹತ್ತು ದಿನಕ್ಕೆ 38. ಕೆಲವು ವರ್ಷ ದುಡಿದ 60 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಸಾಕು. ಸದಾ ಜೋಡಿಸಿಟ್ಟ ನಿಸ್ತಂತು ಅಡಾಪ್ಟರ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ಅದರ ಜೋಡಣೆಯ ಗುಪ್ತಸಂಖ್ಯೆ ದುರ್ಬಲವಾಗಿದ್ದರೆ ಹತ್ತಿರ ನಿಂತ ಬೇರೆಯವರ ಫೋನ್ ಕೂಡ ಕಾರಿನ ಜಾಲಕ್ಕೆ ಸೇರಬಹುದು.

ಗುರುತು ಉಳಿಯುತ್ತದೆ

ಕೋಡಿಂಗ್ ಬರೆದಾಗ ಅನೇಕ ಮಾಡ್ಯೂಲ್‌ಗಳು ಬರೆದ ಸಾಧನದ ಅಥವಾ ವರ್ಕ್‌ಶಾಪ್‌ನ ಸಂಖ್ಯೆಯನ್ನೂ ದಿನಾಂಕವನ್ನೂ ಜೊತೆಯಲ್ಲಿ ದಾಖಲಿಸಿಕೊಳ್ಳುತ್ತವೆ. ಮೂಲ ಸರಣಿಯನ್ನು ಮರಳಿ ಬರೆದರೂ ಯಾರೋ ಕೈ ಹಾಕಿದ್ದಾರೆ ಎಂಬ ಗುರುತು ಉಳಿಯಬಹುದು. ಆದ್ದರಿಂದ ವಾರಂಟಿಯಲ್ಲಿರುವ ಕಾರನ್ನು ಸೇವಾಕೇಂದ್ರಕ್ಕೆ ಒಯ್ದಾಗ ಮಾಡಿದ್ದನ್ನು ಹೇಳಿಬಿಡುವುದೇ ಒಳ್ಳೆಯದೆಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ; ಹೇಳದಿದ್ದರೆ ಕಾರಣ ಹುಡುಕುವವರು ತಂತಿಯಲ್ಲಿ ದಿನ ಕಳೆಯುತ್ತಾರೆ, ನಾನು ವೈಪರಿನ ತಂತಿಯಲ್ಲಿ ಕಳೆದ ಹಾಗೆ. ಇನ್ನೊಂದು ವಿಷಯ: ಅಧಿಕೃತ ಕೇಂದ್ರದಲ್ಲಿ ತಂತ್ರಾಂಶ ಪರಿಷ್ಕರಿಸುವಾಗ ಸರ್ವರ್ ಆ ಕಾರಿನ ಕಾರ್ಖಾನೆಯ ಕೋಡಿಂಗನ್ನೇ ಮರಳಿ ಬರೆಯಬಹುದು. ಆಗ ಮಾಲೀಕರು ಸೇರಿಸಿಕೊಂಡ ಸೌಲಭ್ಯ ಹೇಳದೆ ಕೇಳದೆ ಮಾಯವಾಗುತ್ತದೆ, ಅದಕ್ಕೆ ಕೇಂದ್ರದವರನ್ನು ದೂರುವುದು ನ್ಯಾಯವಲ್ಲ.

ಹೊಸ ಕಾರುಗಳಲ್ಲಿ ಈ ಬಾಗಿಲು ಕಿರಿದಾಗುತ್ತಿದೆ. ಫೋಕ್ಸ್‌ವ್ಯಾಗನ್ ಸಮೂಹ ಎಂಟನೆಯ ಪೀಳಿಗೆಯ ಗಾಲ್ಫ್‌ನಿಂದ ಎಸ್‌ಎಫ್‌ಡಿ ಎಂಬ ರಕ್ಷಣೆಯನ್ನು ತಂದಿತು. ಅದರಲ್ಲಿ ಸಂರಕ್ಷಿತ ಮಾಡ್ಯೂಲಿಗೆ ಬರೆಯಬೇಕಾದರೆ ಸರ್ವರಿನಿಂದ ಅನುಮತಿ ಪಡೆಯಬೇಕು, ಆ ಅನುಮತಿ 90 ನಿಮಿಷ ಮಾತ್ರ ಇರುತ್ತದೆ. ಬೇರೆ ಕೆಲವು ತಯಾರಕರು ಕನೆಕ್ಟರ್ ಮತ್ತು ಮಾಡ್ಯೂಲ್‌ಗಳ ನಡುವೆ ರಕ್ಷಿತ ಗೇಟ್‌ವೇಯನ್ನು ಇಟ್ಟಿದ್ದಾರೆ. ಓದಲು ಬಿಟ್ಟರೂ ಅನುಮತಿಯಿಲ್ಲದೆ ಬರೆಯಲು ಅದು ಬಿಡುವುದಿಲ್ಲ. ಇದರಿಂದ ಹವ್ಯಾಸಿಗಳಿಗೆ ಬೇಸರವಾಗಿದೆ ಎಂಬುದನ್ನು ನಾನು ಬಲ್ಲೆ. ತಮ್ಮ ಸ್ವಂತ ಕಾರಿನ ಮೇಲೆ ಮಾಲೀಕರಿಗೆ ಇರಬೇಕಾದ ಹಕ್ಕಿನ ಬಗ್ಗೆ ನನಗೂ ಬಲವಾದ ಅಭಿಪ್ರಾಯವಿದೆ. ಆದರೆ ಏರ್‌ಬ್ಯಾಗ್, ಬ್ರೇಕ್, ಸ್ಟಿಯರಿಂಗ್ ಮತ್ತು ಕಳ್ಳತನ ತಡೆಯುವ ಇಮೊಬಿಲೈಸರ್ ಮಾಡ್ಯೂಲ್‌ಗಳ ಮಟ್ಟಿಗೆ ಆ ಬೀಗ ಇರಲಿ ಎಂದೇ ಹೇಳುತ್ತೇನೆ. ಬಾಡಿ ಮಾಡ್ಯೂಲಿನ ಸುಳ್ಳು ಸರಣಿಯನ್ನು ಕಾರಿನ ಸುತ್ತ ಒಮ್ಮೆ ನಡೆದು, ಬೇಕಾದರೆ ಒಂದು ಬಲ್ಬ್ ಕಿತ್ತು ನೋಡಿ ಪತ್ತೆ ಹಚ್ಚಬಹುದು. ಏರ್‌ಬ್ಯಾಗಿನ ಸುಳ್ಳು ಸರಣಿಯನ್ನು ಪರೀಕ್ಷಿಸಿ ನೋಡಲು ಹಾಗೆ ಯಾವ ದಾರಿಯೂ ಇಲ್ಲ.

ಮಾಲೀಕರು ತಮ್ಮ ಕನ್ನಡಿಯ ಸೌಲಭ್ಯವನ್ನು ಉಳಿಸಿಕೊಂಡರು. ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಮಡಚುವ ಕ್ರಮವನ್ನೇ ಇರಿಸಿ, ಪ್ರತಿ ಲಾಕಿಗೂ ಮಡಚುವ ಇನ್ನೊಂದು ಆಯ್ಕೆಯನ್ನು ನಾನು ಬೇಡವೆಂದೆ, ಏಕೆಂದರೆ ದಿನಕ್ಕೆ ಹಲವು ಸಲ ಸುಮ್ಮನೆ ತಿರುಗುವ ಆ ಸಣ್ಣ ಮೋಟರಿನ ಪ್ಲಾಸ್ಟಿಕ್ ಹಲ್ಲುಗಳು ಬೇಗ ಸವೆಯುತ್ತವೆ. ಈಗಿನ ಪೂರ್ತಿ ಸ್ಕ್ಯಾನ್ ವರದಿಯ ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಅವರ ಇಮೇಲಿಗೆ ಕಳುಹಿಸಿ, ಇನ್ನೊಂದನ್ನು ಹಳೆಯ ಕಾಗದದ ಜೊತೆಯಲ್ಲಿಯೇ ಕಾರಿನ ದಾಖಲೆಗಳ ಚೀಲದಲ್ಲಿ ಇರಿಸಿದೆ. ಬಾಗಿಲಿನ ಎರಡು ಮಾಡ್ಯೂಲ್‌ಗಳ ಸಾಲಿನ ಪಕ್ಕದಲ್ಲಿ ಮೂಲ 4A, ಈಗ 4E ಎಂದು ಪೆನ್ನಿನಿಂದ ಬರೆದು ದಿನಾಂಕ ಹಾಕಿದೆ.